ಪಿಂಚಣಿ ಕಡತ ಎಲ್ಲಿ ನಿಂತಿದೆ?

ಕೇರಳದ ಸರ್ಕಾರಿ ನೌಕರರೊಬ್ಬರು 1973ರ ಮೇ 19ರಂದು ನಿವೃತ್ತರಾದರು. ಪಿಂಚಣಿ, ಗ್ರ್ಯಾಚುಟಿ ಅವರ ಕೈಸೇರಿದ್ದು 1975ರ ಆಗಸ್ಟ್ 14ರಂದು. ಎರಡು ವರ್ಷ ಮೂರು ತಿಂಗಳು ತಡ. ಹಣ ಬಂದ ಮೇಲೂ ಅವರು ಸುಮ್ಮನಾಗಲಿಲ್ಲ. ತಡವಾದ ಅವಧಿಗೆ ಬಡ್ಡಿ ಕೊಡಿ ಎಂದು ವಕೀಲರ ನೋಟಿಸು ಕೊಟ್ಟರು, ಬಳಿಕ ದಾವೆ ಹೂಡಿದರು. ಸರ್ಕಾರ ತಪ್ಪನ್ನು ಅವರ ಮೇಲೆಯೇ ಹೊರಿಸಿತು: ಖಜಾನೆಯಿಂದ ಕೊನೆಯ ವೇತನ ಪ್ರಮಾಣಪತ್ರವನ್ನು ಅವರು ತಂದು ಕೊಟ್ಟಿರಲಿಲ್ಲವಂತೆ. ನಮ್ಮ ಕಚೇರಿಗಳಲ್ಲಿ ಎಲ್‌ಪಿಸಿ ಎನ್ನುತ್ತಾರಲ್ಲ, ಅದೇ ಒಂದು ಹಾಳೆ.

ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಪ್ರಮಾಣಪತ್ರ ಕೊಡುವುದು ಖಜಾನೆ ಅಧಿಕಾರಿಯ ಕರ್ತವ್ಯ, ನಿವೃತ್ತರು ಬೆನ್ನುಹತ್ತಿ ಪಡೆಯಬೇಕಾದ ವಸ್ತುವಲ್ಲ ಎಂದು 1984ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು. ನಿವೃತ್ತಿಯಾಗಿ ಎರಡು ತಿಂಗಳು ಕಳೆದ ಮೇಲೆ ಬಡ್ಡಿಯ ಹೊಣೆ ಸರ್ಕಾರದ್ದು ಎಂದೂ ಹೇಳಿತು. ಕೇರಳ ರಾಜ್ಯ ಮತ್ತು ಎಂ. ಪದ್ಮನಾಭನ್ ನಾಯರ್ ಪ್ರಕರಣವೆಂದು ಇದು ಹೆಸರಾಗಿದೆ. ಪಿಂಚಣಿ ತಡವಾದ ಅರ್ಜಿಗಳಲ್ಲಿ ಇಂದಿಗೂ ವಕೀಲರು ಇದನ್ನು ಉಲ್ಲೇಖಿಸುತ್ತಾರೆ.

ಇದರಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಸಂಗತಿಯೂ ಇದೆ. ಅವರು ಕೇಳಿದ್ದು ಶೇ 12ರ ಬಡ್ಡಿ, ಕೆಳಗಿನ ನ್ಯಾಯಾಲಯ ಕೊಟ್ಟಿದ್ದು ಶೇ 6. ಸರ್ಕಾರ ಹೈಕೋರ್ಟಿಗೆ ಮೇಲ್ಮನವಿ ಹೋದಾಗ ಅವರು ಅಲ್ಲಿ ತಮ್ಮ ಕಡೆಯ ಪ್ರತ್ಯಾಕ್ಷೇಪ ಸಲ್ಲಿಸಲಿಲ್ಲ. 12 ಕೊಡಲು ಮನಸ್ಸಿದ್ದರೂ ಈ ಕಾರಣದಿಂದ ಕೊಡಲಾಗುತ್ತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಬರೆಯಿತು. ಹಕ್ಕು ಇತ್ತು, ನ್ಯಾಯಾಧೀಶರ ಒಲವೂ ಇತ್ತು. ಸರಿಯಾದ ಹಂತದಲ್ಲಿ ಸಲ್ಲಿಸಬೇಕಿದ್ದ ಕಾಗದ ಮಾತ್ರ ಇರಲಿಲ್ಲ.

ಕರ್ನಾಟಕದ ಪಿಂಚಣಿ ತಕರಾರುಗಳಲ್ಲೂ ಬಹಳಷ್ಟು ಜನ ಸೋಲುವುದು ಹೀಗೆಯೇ. ಕಚೇರಿ ಉತ್ತರಿಸದಿದ್ದಾಗ ಏರಬೇಕಾದ ಮೆಟ್ಟಿಲುಗಳು ಕಾನೂನಿನಲ್ಲಿ ಸ್ಪಷ್ಟವಾಗಿವೆ. ಆದರೆ ಒಂದೊಂದು ಮೆಟ್ಟಿಲಿಗೂ ಒಂದು ದಿನಾಂಕ ಅಂಟಿಕೊಂಡಿರುತ್ತದೆ. ಆ ದಿನಾಂಕವನ್ನು ಹುಟ್ಟಿಸಬೇಕಾದವರು ಪಿಂಚಣಿದಾರರೇ. ಫೋನಿನಲ್ಲಿ ಕೇಳಿದ್ದು, ಗುಮಾಸ್ತರ ಮೇಜಿನ ಮುಂದೆ ನಿಂತು ಬೇಡಿಕೊಂಡದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಎಲ್ಲಕ್ಕಿಂತ ಮೊದಲು, ಕಡತ ಯಾರ ಮೇಜಿನ ಮೇಲಿದೆ ಎಂಬುದು ತಿಳಿಯಬೇಕು. 2006ರ ಏಪ್ರಿಲ್ 1ಕ್ಕೆ ಮೊದಲು ಸೇವೆಗೆ ಸೇರಿದ, ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿರುವ ರಾಜ್ಯ ಸರ್ಕಾರಿ ನೌಕರರ ಪಿಂಚಣಿ ಮೂರು ಕೈಗಳನ್ನು ದಾಟಿ ಬರುತ್ತದೆ. ಮೊದಲನೆಯದು ಅವರು ದುಡಿದ ಇಲಾಖೆ. ಸೇವಾ ಪುಸ್ತಕ ಪರಿಶೀಲಿಸಿ, ಬಾಕಿ ಇಲ್ಲವೆಂಬ ಪತ್ರ ಮತ್ತು ಎಲ್‌ಪಿಸಿ ಸೇರಿಸಿ ಪ್ರಸ್ತಾವ ಕಳುಹಿಸುವ ಕೆಲಸ ಅದರದು. ಎರಡನೆಯದು ಬೆಂಗಳೂರಿನ ಮಹಾಲೇಖಪಾಲರ ಕಚೇರಿ, ಎಲ್ಲರ ಬಾಯಲ್ಲಿ ಎಜಿ ಆಫೀಸು. ಲೆಕ್ಕ ತಾಳೆ ನೋಡಿ ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಒ ಹೊರಡಿಸುವುದು ಅಲ್ಲಿಂದ. ಮೂರನೆಯದು ಹಣ ಕೊಡುವ ಕೈ: ಖಜಾನೆ ಮತ್ತು ಬ್ಯಾಂಕು.

ಈ ಮೂರೂ ಒಬ್ಬ ಯಜಮಾನನ ಕೆಳಗಿಲ್ಲ. ಇಲಾಖೆ, ಖಜಾನೆ ರಾಜ್ಯ ಸರ್ಕಾರದವು. ಎಜಿ ಕಚೇರಿ ಭಾರತದ ಲೆಕ್ಕ ನಿಯಂತ್ರಕರು ಮತ್ತು ಮಹಾಲೆಕ್ಕ ಪರಿಶೋಧಕರ ಅಧೀನದ್ದು, ಹಾಗಾಗಿ ಶಾಸಕರ ಶಿಫಾರಸು ಪತ್ರಕ್ಕೆ ಅಲ್ಲಿ ಬೆಲೆಯಿಲ್ಲ. ಬ್ಯಾಂಕು ರಿಸರ್ವ್ ಬ್ಯಾಂಕಿನ ನಿಯಮಕ್ಕೆ ಒಳಪಟ್ಟದ್ದು. ಕಡತ ಒಂದು ಕೈಯಲ್ಲಿ ನಿಂತಿದ್ದಾಗ ಇನ್ನೊಂದರ ಮೇಲೆ ದೂರು ಕೊಟ್ಟರೆ ತಿಂಗಳುಗಳು ಹಾಳಾಗುತ್ತವೆ.

ಒಂದು ಉದಾಹರಣೆಯನ್ನು ಹಂತ ಹಂತವಾಗಿ ನೋಡೋಣ. ಇದು ಕಲ್ಪಿತ ಪ್ರಕರಣ. ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು 2024ರ ಮೇ 31ರಂದು ನಿವೃತ್ತರಾದರು ಎಂದುಕೊಳ್ಳಿ. ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಯಿಂದ ಪಿಂಚಣಿ ಪ್ರಸ್ತಾವ ಹೋಗಿದೆ ಎಂದು ಅವರಿಗೆ ಬಾಯಿಮಾತಿನಲ್ಲಿ ಹೇಳಲಾಯಿತು. ದಸರಾ ಕಳೆಯಿತು, ದೀಪಾವಳಿ ಕಳೆಯಿತು. ಕೇಳಿದಾಗಲೆಲ್ಲ ‘ಎಜಿ ಆಫೀಸಿನಲ್ಲಿದೆ ಸಾರ್, ಬರುತ್ತೆ’ ಎಂಬುದೇ ಉತ್ತರ. ಈ ಏಳು ತಿಂಗಳಲ್ಲಿ ಮೇಷ್ಟ್ರ ಕಡೆಯಿಂದ ಒಂದು ಸಾಲಿನ ಬರಹವೂ ಕಚೇರಿಗೆ ಹೋಗಿಲ್ಲ. ಕಾನೂನಿನ ಕಣ್ಣಿಗೆ ಅವರು ಇನ್ನೂ ದೂರನ್ನೇ ಕೊಟ್ಟಿಲ್ಲ.

2025ರ ಜನವರಿ 10ರಂದು ಅವರು ಒಂದು ಪುಟದ ಮನವಿ ಬರೆಯುತ್ತಾರೆ. ಹೆಸರು, ಹುದ್ದೆ, ಕೆಜಿಐಡಿ ಸಂಖ್ಯೆ, ನಿವೃತ್ತಿಯ ದಿನಾಂಕ. ಇನ್ನೂ ಬಾರದಿರುವುದು ಯಾವುದು, ಪಿಂಚಣಿಯೋ ಗ್ರ್ಯಾಚುಟಿಯೋ ಪರಿವರ್ತಿತ ಮೊತ್ತವೋ ಎರಡು ಮೂರೋ ಎಂಬುದು. ಕಡತ ಯಾವ ಹಂತದಲ್ಲಿದೆಯೆಂದು ಲಿಖಿತವಾಗಿ ತಿಳಿಸಿ, ಬಾಕಿಯನ್ನು ಬಡ್ಡಿಸಹಿತ ಪಾವತಿಸಿ, ಅಂತಿಮ ಲೆಕ್ಕ ಆಗುವವರೆಗೆ ತಾತ್ಕಾಲಿಕ ಪಿಂಚಣಿ ಮಂಜೂರು ಮಾಡಿ ಎಂಬ ಕೋರಿಕೆ. ಇಷ್ಟು ಸಾಕು. ಮನವಿ ಬಿಇಒ ಅವರ ಹೆಸರಿಗೆ, ಪ್ರತಿ ಉಪನಿರ್ದೇಶಕರಿಗೆ ಮತ್ತು ಎಜಿ ಕಚೇರಿಗೆ.

ಮನವಿಯನ್ನು ವಿಷಯ ನಿರ್ವಾಹಕರ ಕೈಗೆ ಕೊಟ್ಟು ಬಂದರೆ ಪ್ರಯೋಜನವಿಲ್ಲ. ಟಪಾಲು ವಿಭಾಗದಲ್ಲಿ ಕೊಟ್ಟು ತಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಹಾಕಲು ಹಿಂದೇಟು ಹಾಕಿದರೆ ಅಂಚೆಯಲ್ಲಿ ಕಳುಹಿಸಿ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಬೇಕು. ಹಳೆಯ ನೋಂದಾಯಿತ ಅಂಚೆ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಗಿರುವುದರಿಂದ ಈಗ ಕೇಳಬೇಕಾದದ್ದು ತಲುಪಿದ ಪುರಾವೆಯಿರುವ ಸ್ಪೀಡ್ ಪೋಸ್ಟ್. ಆ ಚೀಟಿಯ ಮೇಲಿನ ದಿನಾಂಕವೇ ಮುಂದಿನ ಎಲ್ಲ ಗಡುವುಗಳ ತಾಯಿಬೇರು.

ಒಂದು ತಿಂಗಳಾದರೂ ಉತ್ತರವಿಲ್ಲವೆಂದರೆ ಮುಂದಿನ ಹೆಜ್ಜೆ ಮಾಹಿತಿ ಹಕ್ಕಿನ ಅರ್ಜಿ. ಇದು ದೂರಲ್ಲ, ಕಡತ ಎಲ್ಲಿದೆಯೆಂದು ಕಂಡುಹಿಡಿಯುವ ಸಾಧನ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ರಾಜ್ಯದ ಕಚೇರಿಗಳಿಗೆ ಸಲ್ಲಿಸುವ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು ಎಂಬ ನಿಯಮ ಕರ್ನಾಟಕದಲ್ಲಿದೆ. ಆದ್ದರಿಂದ ಸಂಕಟ ತೋಡಿಕೊಳ್ಳಲು ಅಲ್ಲಿ ಜಾಗವಿಲ್ಲ. ‘ನನ್ನ ಪಿಂಚಣಿ ಏಕೆ ತಡವಾಗಿದೆ’ ಎಂದು ಕೇಳುವುದೂ ವ್ಯರ್ಥ. ಈ ಕಾಯ್ದೆಯಡಿ ಸಿಗುವುದು ದಾಖಲೆ, ವಿವರಣೆಯಲ್ಲ. ಮೇಷ್ಟ್ರು ಕೇಳಿದ್ದು ಹೀಗೆ: ನನ್ನ ಪಿಂಚಣಿ ಪ್ರಸ್ತಾವವನ್ನು ಎಜಿ ಕಚೇರಿಗೆ ಕಳುಹಿಸಿದ ಪತ್ರದ ಸಂಖ್ಯೆ, ದಿನಾಂಕ ಮತ್ತು ನಕಲು, ಅದಕ್ಕೆ ಎಜಿ ಕಚೇರಿಯಿಂದ ಬಂದ ಪತ್ರಗಳ ನಕಲು, ಅವಕ್ಕೆ ನೀಡಿದ ಉತ್ತರದ ನಕಲು, ಕಡತದ ಟಿಪ್ಪಣಿ ಹಾಳೆಗಳ ನಕಲು.

ಮಾರ್ಚ್‌ನಲ್ಲಿ ಬಂದ ಉತ್ತರದಿಂದ ಗುಟ್ಟು ಬಯಲಾಯಿತು. ಎಜಿ ಕಚೇರಿ 2024ರ ಆಗಸ್ಟ್‌ನಲ್ಲೇ ಪ್ರಸ್ತಾವವನ್ನು ಆಕ್ಷೇಪಣೆಯೊಂದಿಗೆ ಹಿಂದಿರುಗಿಸಿತ್ತು: ಹಲವು ವರ್ಷಗಳ ಹಿಂದಿನ ಒಂದು ವೇತನ ಬಡ್ತಿಗೆ ಸೇವಾ ಪುಸ್ತಕದಲ್ಲಿ ಸರಿಯಾದ ದೃಢೀಕರಣ ಇಲ್ಲ. ಆ ಪತ್ರ ಅಂದಿನಿಂದ ಬಿಇಒ ಕಚೇರಿಯಲ್ಲೇ ಬಿದ್ದಿತ್ತು. ‘ಎಜಿ ಆಫೀಸಿನಲ್ಲಿದೆ’ ಎಂದು ಹೇಳುತ್ತ ಬಂದ ಎಲ್ಲ ತಿಂಗಳೂ ಕಡತ ಇದ್ದದ್ದು ಹೇಳಿದವರ ಬೀರುವಿನಲ್ಲೇ. ಇದು ಕಲ್ಪಿತ ಪ್ರಕರಣವಾದರೂ ಆಕ್ಷೇಪಣೆ ಹೊತ್ತು ಮರಳಿದ ಕಡತ ಸೊರಗುವುದು ಪಿಂಚಣಿ ವಿಷಯ ಬಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ.

ಮಾಹಿತಿ ಅಧಿಕಾರಿಯೂ ಸುಮ್ಮನಿದ್ದರೆ? ಮೂವತ್ತು ದಿನ ಮೀರಿದ ಮೌನವನ್ನು ಕಾಯ್ದೆ ನಿರಾಕರಣೆಯೆಂದೇ ಎಣಿಸುತ್ತದೆ. ಅಲ್ಲಿಂದ ಮೂವತ್ತು ದಿನದೊಳಗೆ ಅದೇ ಸಂಸ್ಥೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ ತೊಂಬತ್ತು ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಸರದಿ ಬರಲು ಬಹಳ ಕಾಲ ಹಿಡಿಯಬಹುದು. ಹಾಗಾಗಿ ಅದರ ತೀರ್ಪಿಗೆ ಕಾಯುತ್ತ ಮಿಕ್ಕ ದಾರಿಗಳ ಗಡುವನ್ನು ಕೈಬಿಡಬಾರದು.

ಇಲಾಖೆಯೊಳಗೇ ಏರುವ ದಾರಿಗಳೂ ಇವೆ. ಉಪನಿರ್ದೇಶಕರಿಗೆ, ಆಯುಕ್ತರಿಗೆ ಲಿಖಿತ ದೂರು ಕೊಡಬಹುದು. ರಾಜ್ಯ ಸರ್ಕಾರದ ಜನಸ್ಪಂದನ ವ್ಯವಸ್ಥೆಯಲ್ಲಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಎಜಿ ಕಚೇರಿಯ ಕಡೆಯಿಂದಲೇ ತಡವಾಗಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ದೂರು ತಾಣ ಬಳಸಬೇಕು. ಪಿಂಚಣಿ ಅದಾಲತ್ ಇವೆಲ್ಲಕ್ಕಿಂತ ಉಪಯುಕ್ತ, ಏಕೆಂದರೆ ಇಲಾಖೆ, ಎಜಿ, ಖಜಾನೆ, ಬ್ಯಾಂಕು ಎಂಬ ಬೇರೆ ಬೇರೆ ಕೈಗಳು ಒಂದೇ ಮೇಜಿನ ಸುತ್ತ ಕೂರುವುದು ಅಲ್ಲಿ ಮಾತ್ರ. ದಾಖಲೆಯ ಕೊರತೆಯಿಂದ ನಿಂತ ಕಡತ ಅಲ್ಲಿ ಬೇಗ ಕದಲುತ್ತದೆ. ಆದರೆ ನಿಯಮದ ಅರ್ಥದ ಬಗ್ಗೆಯೇ ಭಿನ್ನಾಭಿಪ್ರಾಯವಿದ್ದರೆ ಅದಾಲತ್‌ಗೆ ಅದನ್ನು ತೀರ್ಮಾನಿಸುವ ಅಧಿಕಾರವಿಲ್ಲ.

ಈ ಹಂತದಲ್ಲಿ ಒಂದು ಬಲೆ ಕಾದಿರುತ್ತದೆ. ‘ಕಡತ ಪರಿಶೀಲನೆಯಲ್ಲಿದೆ’ ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ. ನಿವೃತ್ತರು ನೆಮ್ಮದಿಯ ಉಸಿರು ಬಿಟ್ಟು ಮತ್ತೆ ಕಾಯತೊಡಗುತ್ತಾರೆ. ಬಳಿಕ ಮತ್ತೊಂದು ಮನವಿ, ಮತ್ತೊಂದು ಹಿಂಬರಹ. ಮನವಿಯ ಮೇಲೆ ಮನವಿ ಕೊಟ್ಟ ಮಾತ್ರಕ್ಕೆ ಕಾಲಮಿತಿ ಹಿಗ್ಗುವುದಿಲ್ಲ ಎಂದು ಎಸ್.ಎಸ್. ರಾಠೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1989ರಲ್ಲೇ ಹೇಳಿದೆ. ಎಣಿಕೆಗೆ ಬರುವುದು ಮೊದಲ ಮನವಿ. ಉಳಿದವು ನೆನಪೋಲೆಗಳಷ್ಟೆ.

ಇಲಾಖೆಯ ಹೊರಗಿನ ಬಾಗಿಲುಗಳಲ್ಲಿ ಜನ ಹೆಚ್ಚು ಗೊಂದಲಕ್ಕೀಡಾಗುವುದು ಒಂಬುಡ್ಸ್‌ಮನ್ ವಿಷಯದಲ್ಲಿ. ಪತ್ರಿಕೆಗಳಲ್ಲಿ ಈ ಹೆಸರು ಕಾಣುವುದು ಬಹುಮಟ್ಟಿಗೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಕುರಿತಾಗಿ. ಬಿಇಒ ಕಚೇರಿಯ ಮೌನಕ್ಕೂ ಅವರಿಗೂ ಸಂಬಂಧವಿಲ್ಲ. ಸರ್ಕಾರಿ ಕಚೇರಿಯ ದುರಾಡಳಿತದ ದೂರು ಕೇಳುವ ಒಂಬುಡ್ಸ್‌ಮನ್ ನಮ್ಮಲ್ಲಿ ಲೋಕಾಯುಕ್ತ.

ಲೋಕಾಯುಕ್ತ ಎಂದರೆ ಲಂಚದ ದಾಳಿ ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆಯಲ್ಲಿ ಭ್ರಷ್ಟಾಚಾರದ ಆರೋಪ ಒಂದು ಬಗೆ, ಕುಂದುಕೊರತೆ ಇನ್ನೊಂದು. ದುರಾಡಳಿತದಿಂದ ಅನ್ಯಾಯವೋ ಅನುಚಿತ ಕಷ್ಟವೋ ಆಗಿದ್ದರೆ ಅದು ಕುಂದುಕೊರತೆ. ಅನಗತ್ಯ ವಿಳಂಬವೂ ದುರಾಡಳಿತವೇ. ನೌಕರರ ನೇಮಕ, ವೇತನ, ಶಿಸ್ತುಕ್ರಮದಂಥ ಸೇವಾ ವಿಷಯಗಳನ್ನು ಕಾಯ್ದೆಯ ಎರಡನೇ ಅನುಸೂಚಿ ಲೋಕಾಯುಕ್ತರ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದರೆ ಅದೇ ಸಾಲಿನಲ್ಲಿ ಪಿಂಚಣಿ, ಗ್ರ್ಯಾಚುಟಿ, ಭವಿಷ್ಯನಿಧಿ ಮತ್ತು ನಿವೃತ್ತಿಯಿಂದ ಹುಟ್ಟುವ ಇತರ ಹಕ್ಕುಗಳಿಗೆ ಈ ನಿರ್ಬಂಧ ತಟ್ಟುವುದಿಲ್ಲ ಎಂದೂ ಬರೆದಿದೆ. ನಿವೃತ್ತರಿಗೆಂದೇ ಶಾಸನ ತೆರೆದಿಟ್ಟ ಬಾಗಿಲು ಇದು, ಇದನ್ನು ತಟ್ಟುವವರು ಇನ್ನಷ್ಟು ಜನ ಇರಬೇಕು.

ದೂರನ್ನು ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ ಸಲ್ಲಿಸಬೇಕು. ಕುಂದುಕೊರತೆಯ ದೂರಿಗೆ ಕಾಲಾವಕಾಶ ಆರು ತಿಂಗಳು ಮಾತ್ರ, ವಿಷಯ ತಿಳಿದ ದಿನದಿಂದ. ನಮ್ಮ ಮೇಷ್ಟ್ರಿಗೆ ಆಕ್ಷೇಪಣೆ ಪತ್ರದ ಸಂಗತಿ ತಿಳಿದದ್ದು 2025ರ ಮಾರ್ಚ್‌ನಲ್ಲಿ. ಸೆಪ್ಟೆಂಬರ್‌ವರೆಗೆ ಕಾಯದೆ ಏಪ್ರಿಲ್‌ನಲ್ಲೇ ಹೋಗುವುದು ಕ್ಷೇಮ. ಲೋಕಾಯುಕ್ತ ಸಂಸ್ಥೆ ಅಧಿಕಾರಿಗೆ ನೋಟಿಸು ಕೊಟ್ಟು ವಿವರಣೆ ಕೇಳಬಲ್ಲದು, ಕಡತ ತರಿಸಬಲ್ಲದು. ಎಷ್ಟೋ ಸಲ ಆ ನೋಟಿಸಿಗೇ ಬೀರು ತೆರೆಯುತ್ತದೆ. ಆದರೆ ಮಿತಿಯೂ ಇದೆ. ಕುಂದುಕೊರತೆ ನಿಜವೆಂದು ಕಂಡರೆ ಲೋಕಾಯುಕ್ತರು ಮಾಡುವುದು ಶಿಫಾರಸು. ಇಂತಿಷ್ಟು ಬಡ್ಡಿ ಕೊಡು ಎಂದು ಕೋರ್ಟಿನಂತೆ ಡಿಕ್ರಿ ಮಾಡುವುದಿಲ್ಲ. ಜೊತೆಗೆ, ನ್ಯಾಯಮಂಡಳಿಯಲ್ಲಿ ಪರಿಹಾರವಿದ್ದೂ ಅಲ್ಲಿಗೆ ಹೋಗದಿದ್ದರೆ ದೂರನ್ನು ಕೈಗೆತ್ತಿಕೊಳ್ಳದಿರಬಹುದು. ಹೋಗಲು ಆಗದ್ದಕ್ಕೆ ತಕ್ಕ ಕಾರಣವಿದೆಯೆಂದು ಮನವರಿಕೆ ಮಾಡಿಕೊಡಬೇಕಾಗುತ್ತದೆ. ಆದ್ದರಿಂದ ವಿಳಂಬವಷ್ಟೇ ಸಮಸ್ಯೆಯಾದಾಗ ಲೋಕಾಯುಕ್ತ. ಹಕ್ಕೇ ವಿವಾದಕ್ಕೆ ಬಿದ್ದಾಗ ನ್ಯಾಯಮಂಡಳಿ.

ಮೇಷ್ಟ್ರ ಕಥೆಯಲ್ಲಿ ಹಕ್ಕೂ ವಿವಾದಕ್ಕೆ ಬಿತ್ತು. ನೋಟಿಸಿಗೆ ಎಚ್ಚೆತ್ತ ಕಚೇರಿ, ಹಿಂದಿನ ವೇತನ ಬಡ್ತಿಯೇ ತಪ್ಪು, ಇಷ್ಟು ವರ್ಷ ಹೆಚ್ಚಾಗಿ ಪಾವತಿಸಿದ್ದನ್ನು ಗ್ರ್ಯಾಚುಟಿಯಲ್ಲಿ ಕಡಿತ ಮಾಡುತ್ತೇವೆ ಎಂದು ಕಡತದಲ್ಲಿ ಬರೆಯಿತು. ನಿವೃತ್ತರನ್ನು ದಿಕ್ಕೆಡಿಸುವ ಮಾತು ಇದು. ಪಂಜಾಬ್ ರಾಜ್ಯ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪು ಇಲ್ಲಿ ನೆರವಿಗೆ ಬರುತ್ತದೆ. ತಪ್ಪಾಗಿ ಹೆಚ್ಚು ಪಾವತಿಯಾದ ಹಣವನ್ನು ‘ಸಿ’ ಮತ್ತು ‘ಡಿ’ ವರ್ಗದ ನೌಕರರಿಂದ, ಹಾಗೆಯೇ ನಿವೃತ್ತರಾದವರಿಂದ ಅಥವಾ ಇನ್ನೊಂದು ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲಿ ಮಾಡುವಂತಿಲ್ಲ ಎಂದು ಅದು ಹೇಳಿತು. ಆದರೆ ವೇತನ ನಿಗದಿಯ ವೇಳೆ ‘ಹೆಚ್ಚು ಪಾವತಿಯಾಗಿದ್ದರೆ ಮರಳಿಸುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದ ನ್ಯಾಯಾಂಗ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, 2016ರಲ್ಲಿ, ಅದೇ ಕೋರ್ಟ್ ವಸೂಲಿಗೆ ಅವಕಾಶ ಕೊಟ್ಟಿತು. ಆದ್ದರಿಂದ ತಮ್ಮ ಸೇವಾ ಪುಸ್ತಕದಲ್ಲಿ ಅಂಥ ಮುಚ್ಚಳಿಕೆ ಇದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ತೀರ್ಪುಗಳು ವಸೂಲಿಯನ್ನು ತಡೆಯುತ್ತವೆಯೇ ಹೊರತು ತಪ್ಪಾದ ವೇತನದ ಆಧಾರದಲ್ಲೇ ಮುಂದೆಯೂ ಪಿಂಚಣಿ ಕೊಡಿ ಎನ್ನುವುದಿಲ್ಲ ಎಂಬುದನ್ನೂ ತಿಳಿದಿರಬೇಕು.

ಈ ವಿವಾದ ಹೋಗುವುದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ನೌಕರ ವರ್ಗದ ಬಾಯಲ್ಲಿ ಇದು ಕೆಎಟಿ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯಡಿ ಸ್ಥಾಪನೆಯಾದ ಈ ಸಂಸ್ಥೆಗೆ ಬೆಂಗಳೂರಿನ ಜೊತೆಗೆ ಬೆಳಗಾವಿ, ಕಲಬುರಗಿಗಳಲ್ಲೂ ಪೀಠಗಳಿವೆ. ಕೇಂದ್ರ ಸರ್ಕಾರಿ ನೌಕರರಿಗೆ ಇದೇ ಕಾಯ್ದೆಯ ಕೇಂದ್ರ ಆಡಳಿತ ನ್ಯಾಯಮಂಡಳಿ, ಸಿಎಟಿ. ನ್ಯಾಯಾಲಯಗಳ ಸಿಬ್ಬಂದಿ ಈ ವ್ಯಾಪ್ತಿಗೆ ಬರುವುದಿಲ್ಲ. ನಿಗಮ, ಮಂಡಳಿಗಳ ನೌಕರರು ತಮ್ಮ ಸಂಸ್ಥೆಯನ್ನು ಅಧಿಸೂಚನೆಯ ಮೂಲಕ ಇದರ ವ್ಯಾಪ್ತಿಗೆ ತಂದಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಅವರ ದಾರಿ ನೇರ ಹೈಕೋರ್ಟು.

ಗಡುವಿನ ಲೆಕ್ಕ ಇಲ್ಲಿ ನಿರ್ಣಾಯಕ. ಇಲಾಖೆಯಲ್ಲಿ ಪರಿಹಾರ ಕೇಳದೆ ನೇರವಾಗಿ ಬಂದವರ ಅರ್ಜಿಯನ್ನು ನ್ಯಾಯಮಂಡಳಿ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಕಾಯ್ದೆಯ 20ನೇ ಸೆಕ್ಷನ್ ಹೇಳುವುದು ಅದನ್ನೇ. ಅಂತಿಮ ಆದೇಶ ಬಂದಿದ್ದರೆ ಆ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದೇಶವೇ ಬರದಿದ್ದರೆ? ಮನವಿ ಕೊಟ್ಟ ಮೇಲೆ ಆರು ತಿಂಗಳು ಕಾಯಬೇಕು, ಆರು ತಿಂಗಳು ಮುಗಿದ ಮೇಲೆ ಒಂದು ವರ್ಷದೊಳಗೆ ಹೋಗಬೇಕು ಎನ್ನುತ್ತದೆ 21ನೇ ಸೆಕ್ಷನ್. ಮೇಷ್ಟ್ರ ಮನವಿಯ ಮುದ್ರೆ 2025ರ ಜನವರಿ 10ರದು. ಬಾಗಿಲು ತೆರೆದದ್ದು ಜುಲೈ 10ಕ್ಕೆ, ಮುಚ್ಚುವುದು 2026ರ ಜುಲೈ 10ಕ್ಕೆ. ನಡುವೆ ಕಡಿತದ ಆದೇಶವೇನಾದರೂ ಕೈಸೇರಿದರೆ ಅದನ್ನು ಪ್ರಶ್ನಿಸುವ ಗಡುವನ್ನು ಆ ಆದೇಶದಿಂದ ಬೇರೆಯಾಗಿ ಎಣಿಸಬೇಕು. ತಕ್ಕ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ, ಆದರೆ ಅದು ಹಕ್ಕಿನಿಂದ ಕೇಳುವಂಥದ್ದಲ್ಲ.

ಪಿಂಚಣಿ ಪ್ರತಿ ತಿಂಗಳೂ ಹುಟ್ಟುವ ಹಕ್ಕಾದ್ದರಿಂದ ತಡವಾಗಿ ಬಂದರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ ಎಂಬ ಸಮಾಧಾನವೂ ಉಂಟು. ಅದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದು ತರ್ಸೇಮ್ ಸಿಂಗ್ ಪ್ರಕರಣದಿಂದ ಗೊತ್ತಾಗುತ್ತದೆ. 1983ರಲ್ಲಿ ಅನಾರೋಗ್ಯದಿಂದ ಸೇನೆ ಬಿಟ್ಟ ಅವರು ಅಂಗವೈಕಲ್ಯ ಪಿಂಚಣಿ ಕೋರಿ ಹೈಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿಯ ಹಕ್ಕು ಉಳಿಯಿತು. ಆದರೆ ಹಿಂಬಾಕಿಯನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಅರ್ಜಿಗೆ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಿತು. ಹತ್ತು ವರ್ಷಕ್ಕೂ ಮಿಕ್ಕಿದ ಪಿಂಚಣಿ ಹೋದದ್ದು ಬರೀ ಕಾದದ್ದಕ್ಕೆ.

ಕೆಎಟಿ ಮುಂದೆ ವಕೀಲರಿಲ್ಲದೆಯೂ ವಾದಿಸಬಹುದು, ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ವಿಳಂಬವೊಂದೇ ವಿಷಯವಾದರೆ ಅದು ಸಾಧ್ಯವೂ ಹೌದು. ವಸೂಲಿ, ವೇತನ ನಿಗದಿಯ ವಿವಾದವಿದ್ದರೆ ಸೇವಾ ಪ್ರಕರಣ ಬಲ್ಲ ವಕೀಲರನ್ನು ಹಿಡಿಯುವುದೇ ಸರಿ. ಅರ್ಜಿಯಲ್ಲಿ ಇಲಾಖೆ, ಬಿಇಒ ಜೊತೆಗೆ ಎಜಿ ಅವರನ್ನೂ ಪ್ರತಿವಾದಿಯಾಗಿ ಸೇರಿಸುವುದು ಒಳ್ಳೆಯದು; ಪಿಪಿಒ ಹೊರಡಿಸಬೇಕಾದವರು ಆದೇಶಕ್ಕೆ ಹೊರಗೆ ಉಳಿದರೆ ಗೆದ್ದ ಮೇಲೂ ಪತ್ರ ವ್ಯವಹಾರ ಮುಗಿಯುವುದಿಲ್ಲ. ಕೋರಿಕೆಗಳನ್ನು ಬಿಡಿಬಿಡಿಯಾಗಿ ಬರೆಯಬೇಕು: ಇಷ್ಟು ವಾರದೊಳಗೆ ಆಕ್ಷೇಪಣೆಗೆ ಉತ್ತರಿಸಿ ಪ್ರಸ್ತಾವ ಕಳುಹಿಸಲು ನಿರ್ದೇಶನ, ಕಡಿತದ ಆದೇಶ ರದ್ದು, ಪ್ರಕರಣ ಮುಗಿಯುವವರೆಗೆ ತಾತ್ಕಾಲಿಕ ಪಿಂಚಣಿ, ಮತ್ತು ಇಂಥ ದಿನದಿಂದ ಇಂತಿಷ್ಟು ದರದ ಬಡ್ಡಿ. ಬಡ್ಡಿಯನ್ನು ದರ ಸಮೇತ ಕೇಳದಿರುವುದು ದೊಡ್ಡ ನಷ್ಟ. ಹನ್ನೆರಡು ಲಕ್ಷ ರೂಪಾಯಿ ಗ್ರ್ಯಾಚುಟಿ ಒಂದು ವರ್ಷ ತಡವಾದರೆ ಶೇ 8ರ ಸರಳ ಬಡ್ಡಿಯೇ 96,000 ರೂಪಾಯಿ.

ನ್ಯಾಯಮಂಡಳಿಯ ಆದೇಶ ಒಪ್ಪಿಗೆಯಾಗದಿದ್ದರೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ರಿಟ್ ಅರ್ಜಿ ಹಾಕಬಹುದು. ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಈ ಕ್ರಮವನ್ನು ನಿಗದಿ ಮಾಡಿತು. ನೇರವಾಗಿ ಹೈಕೋರ್ಟಿಗೆ ಹೋದರೆ ಮೊದಲು ನ್ಯಾಯಮಂಡಳಿಗೆ ಹೋಗಿ ಎಂದು ಹಿಂದೆ ಕಳುಹಿಸುವುದು ಇದೇ ಕಾರಣಕ್ಕೆ.

ಪಿಪಿಒ ಬಂದಾಗಿದೆ, ಖಾತೆಗೆ ಹಣ ಬರುತ್ತಿಲ್ಲ ಎಂದಾದರೆ ಕಥೆಯೇ ಬೇರೆ. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಆರಂಭಿಸದಿರುವುದು, ಜೀವಿತ ಪ್ರಮಾಣಪತ್ರ ಕೊಟ್ಟರೂ ಪಾವತಿ ನಿಲ್ಲಿಸುವುದು, ಪರಿಷ್ಕೃತ ದರದ ಹಿಂಬಾಕಿ ಹಾಕದಿರುವುದು ಇಲ್ಲಿನ ಸಾಮಾನ್ಯ ತೊಡಕುಗಳು. ತಪ್ಪು ಬ್ಯಾಂಕಿನದಾದಾಗ ಮಾತ್ರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಪ್ರಸ್ತುತರಾಗುತ್ತಾರೆ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ಸಂಖ್ಯೆ ಪಡೆಯಬೇಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ತಾಣದಲ್ಲಿ ದೂರು ದಾಖಲಿಸಬೇಕು, ಶುಲ್ಕವಿಲ್ಲ. ಅದೇ ವಿಷಯ ಕೋರ್ಟಿನಲ್ಲಿದ್ದರೆ ಒಂಬುಡ್ಸ್‌ಮನ್ ಅದನ್ನು ಮುಟ್ಟುವುದಿಲ್ಲ. ಸರ್ಕಾರದ ಪರವಾಗಿ ಪಿಂಚಣಿ ವಿತರಿಸುವ ಬ್ಯಾಂಕು ತಡಮಾಡಿದರೆ ವರ್ಷಕ್ಕೆ ಶೇ 8ರಂತೆ ಪರಿಹಾರವನ್ನು, ಪಿಂಚಣಿದಾರರು ಕೇಳದಿದ್ದರೂ, ಖಾತೆಗೆ ಹಾಕಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಶಾಖೆಗೆ ಕೊಡುವ ದೂರಿನಲ್ಲಿ ಈ ಸೂಚನೆಯನ್ನು ಒಂದು ಸಾಲಿನಲ್ಲಿ ನೆನಪಿಸಿದರೆ ಉತ್ತರದ ಧಾಟಿಯೇ ಬದಲಾಗುತ್ತದೆ.

ಗ್ರಾಹಕರ ಆಯೋಗಕ್ಕೆ ಹೋಗಬಹುದೇ ಎಂದು ಕೇಳುವವರು ಅನೇಕರು. ಸರ್ಕಾರಿ ನೌಕರರು ಹೋಗುವಂತಿಲ್ಲ. ನಿವೃತ್ತಿ ಸೌಲಭ್ಯದ ವಿಷಯದಲ್ಲಿ ಅವರು ಗ್ರಾಹಕರಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ. ಕಾರ್ಖಾನೆ, ಖಾಸಗಿ ಕಂಪನಿಗಳಲ್ಲಿ ದುಡಿದು ಭವಿಷ್ಯನಿಧಿ ಸಂಸ್ಥೆಯಿಂದ ಪಿಂಚಣಿ ಪಡೆಯುವವರಿಗೆ ಆ ಬಾಗಿಲು ತೆರೆದಿದೆ. ಶಿವಕುಮಾರ್ ಜೋಶಿ ಪ್ರಕರಣದಲ್ಲಿ ಭವಿಷ್ಯನಿಧಿ ಸಂಸ್ಥೆ ಕೊಡುವುದು ಸೇವೆಯೇ ಎಂದು ತೀರ್ಮಾನವಾಗಿದೆ. ಅವರಿಗೆ ಕೆಎಟಿ ಇಲ್ಲ, ಲೋಕಾಯುಕ್ತವೂ ಇಲ್ಲ. ಮೊದಲು ಸಂಸ್ಥೆಯ ದೂರು ತಾಣ, ಬಳಿಕ ಪ್ರತಿ ತಿಂಗಳು 27ರ ಸುಮಾರಿಗೆ ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರ, ಆಮೇಲೆ ಗ್ರಾಹಕರ ಆಯೋಗ. ದಾಖಲೆ ಸರಿಯಿರುವ ಪಿಂಚಣಿ ಅರ್ಜಿಯನ್ನು ಇಪ್ಪತ್ತು ದಿನದಲ್ಲಿ ಇತ್ಯರ್ಥಪಡಿಸಬೇಕು, ತಕ್ಕ ಕಾರಣವಿಲ್ಲದೆ ಮೀರಿದರೆ ಆಯುಕ್ತರು ಶೇ 12ರ ಬಡ್ಡಿಗೆ ಹೊಣೆ ಎಂದು 1995ರ ಪಿಂಚಣಿ ಯೋಜನೆಯೇ ಹೇಳುತ್ತದೆ.

ಮತ್ತೆ ಮೇಷ್ಟ್ರ ಪ್ರಕರಣಕ್ಕೆ ಬಂದರೆ, ನ್ಯಾಯಮಂಡಳಿ ಅವರ ಪರ ಆದೇಶ ಕೊಟ್ಟಿತು ಎಂದುಕೊಳ್ಳೋಣ. ಕೆಲಸ ಅಲ್ಲಿಗೂ ಪೂರ್ಣವಾಗುವುದಿಲ್ಲ. ದೃಢೀಕೃತ ಪ್ರತಿ ಪಡೆದು ಬಿಇಒ, ಉಪನಿರ್ದೇಶಕರು, ಎಜಿ ಮೂವರಿಗೂ ಸ್ವೀಕೃತಿ ಸಹಿತ ತಲುಪಿಸಬೇಕು. ‘ಆದೇಶದ ಪ್ರತಿ ತಲುಪಿದ ಇಷ್ಟು ವಾರದೊಳಗೆ’ ಎಂದು ಆದೇಶದಲ್ಲಿದ್ದರೆ ಎಣಿಕೆ ಶುರುವಾಗುವುದೇ ತಲುಪಿಸಿದ ದಿನದಿಂದ. ಆ ವಾರಗಳು ಮುಗಿದರೂ ಪಿಪಿಒ ಬರದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಹೈಕೋರ್ಟಿನಂತೆಯೇ ನಿಂದನೆಗೆ ಕ್ರಮ ಜರುಗಿಸುವ ಅಧಿಕಾರವನ್ನು ಕಾಯ್ದೆಯ 17ನೇ ಸೆಕ್ಷನ್ ನ್ಯಾಯಮಂಡಳಿಗೂ ಕೊಟ್ಟಿದೆ. ಅದಕ್ಕೂ ಗಡುವು ಉಲ್ಲಂಘನೆಯಾದ ದಿನದಿಂದ ಒಂದು ವರ್ಷ.